ನಲವತ್ತು ಪಿನ್ ಇದ್ದರೂ ಸ್ಕ್ರೀನ್ ಕಪ್ಪು: ಎಲ್‌ವಿಡಿಎಸ್ ಬೋರ್ಡಿಗೆ ಇಡಿಪಿ ಪ್ಯಾನೆಲ್ ಹಾಕಿದಾಗ ಆಗುವುದೇನು

"ಸರ್, ಪಿನ್ ಎಣಿಸಿಯೇ ತಂದಿದ್ದು. ಅದರಲ್ಲೂ ನಲವತ್ತು, ಇದರಲ್ಲೂ ನಲವತ್ತು. ಪ್ಲಗ್ ಕೂಡ ಆರಾಮಾಗಿ ಕೂತಿತು."

ಹುಡುಗ ಹೇಳಿದ್ದು ಸುಳ್ಳಲ್ಲ. ಅವನ ಅಕ್ಕನ ಹಳೆಯ 15.6 ಇಂಚಿನ ಲ್ಯಾಪ್‌ಟಾಪ್ ಅದು. ಸ್ಕ್ರೀನಿನ ಮೂಲೆ ಒಡೆದಿತ್ತು, ಆದರೂ ಮುಕ್ಕಾಲು ಭಾಗ ಚೆನ್ನಾಗಿ ಕಾಣುತ್ತಿತ್ತು. ಯಾರೋ ಗೇಮಿಂಗ್ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ 144 ಹರ್ಟ್ಸ್ ಪ್ಯಾನೆಲ್ ಇವನಿಗೆ ಅಗ್ಗಕ್ಕೆ ಸಿಕ್ಕಿತು. ಅಳತೆ ಒಂದೇ, ಪಿನ್ ಸಂಖ್ಯೆ ಒಂದೇ. ಸ್ಕ್ರೂ ಹಾಕುವ ಕಿವಿಗಳು ಮಾತ್ರ ಹೊಂದಲಿಲ್ಲ, ಅದಕ್ಕೆ ಡಬಲ್ ಸೈಡ್ ಟೇಪ್ ಹಚ್ಚಿದ. ಪವರ್ ಒತ್ತಿದರೆ ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಗಾಬರಿಯಾಗಿ ಹಳೆಯ ಒಡೆದ ಪ್ಯಾನೆಲ್ಲನ್ನೇ ವಾಪಸ್ ಹಾಕಿದ. ಈಗ ಅದೂ ಕಪ್ಪು! ಅಷ್ಟಾದ ಮೇಲೆ ನನ್ನ ಹತ್ತಿರ ತಂದ.

ಹಳೆಯ ಪ್ಯಾನೆಲ್ಲೂ ಕಪ್ಪಾಗಿದೆ ಅಂದ ಕೂಡಲೇ ಒಂದು ವಿಷಯ ಖಾತ್ರಿಯಾಯಿತು. ಹೊಸ ಪ್ಯಾನೆಲ್ ಹೊಂದಲಿಲ್ಲ ಎನ್ನುವುದಷ್ಟೇ ತೊಂದರೆಯಲ್ಲ, ಅದನ್ನು ಹಾಕಿದಾಗ ಬೋರ್ಡಿನಲ್ಲೂ ಏನೋ ಹೋಗಿದೆ.

ಎರಡೂ ಪ್ಯಾನೆಲ್‌ಗಳನ್ನು ಮೇಜಿನ ಮೇಲೆ ಬೋರಲು ಹಾಕಿ ಲೇಬಲ್ ಓದಿದೆ. ಹಳೆಯದರ ಮೇಲೆ N156BGE-L41 ಎಂದಿತ್ತು. ಹೊಸದೂ ಅದೇ ತಯಾರಕರದ್ದು, ಆದರೆ ಅದರ ನಂಬರಿನಲ್ಲಿ ಅಡ್ಡಗೆರೆ ಆದ ಮೇಲೆ L ಬದಲು E ಇತ್ತು. ಇಡೀ ಕತೆ ಆ ಒಂದು ಅಕ್ಷರದಲ್ಲಿತ್ತು. ಈ ತಯಾರಕರ ಲೆಕ್ಕದಲ್ಲಿ L ಅಂದರೆ ಎಲ್‌ವಿಡಿಎಸ್, E ಅಂದರೆ ಇಡಿಪಿ. ಬೋರ್ಡಿನಿಂದ ಪ್ಯಾನೆಲ್ಲಿಗೆ ಚಿತ್ರ ಕಳಿಸುವ ಎರಡು ಬೇರೆ ಬೇರೆ ಪದ್ಧತಿಗಳು ಇವು. N156BGE-L41 ಮತ್ತು N156BGE-E41 ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಮೊದಲನೆಯದಕ್ಕೆ 40 ಪಿನ್, ಎರಡನೆಯದಕ್ಕೆ 30 ಪಿನ್. ಇವೆರಡು ಅದಲುಬದಲಾದರೆ ಪ್ಲಗ್ಗೇ ಕೂರುವುದಿಲ್ಲ, ಹಾಗಾಗಿ ಅಪಾಯವಿಲ್ಲ. ಅಪಾಯ ಇರುವುದು 40 ಪಿನ್ನಿನ ಇಡಿಪಿ ಪ್ಯಾನೆಲ್‌ಗಳಲ್ಲಿ. ಜಾಸ್ತಿ ಹರ್ಟ್ಸ್‌ನ, 4ಕೆ ರೆಸಲ್ಯೂಷನ್ನಿನ ಮತ್ತು ಕೆಲವು ಟಚ್ ಪ್ಯಾನೆಲ್‌ಗಳಿಗೆ 30 ಪಿನ್ ಸಾಲುವುದಿಲ್ಲ ಎಂದು 40 ಪಿನ್ ಕೊಟ್ಟಿರುತ್ತಾರೆ. ಇವುಗಳಲ್ಲಿ ಬಹಳಷ್ಟಕ್ಕೆ ಹಳೆಯ ಎಲ್‌ವಿಡಿಎಸ್ ಪ್ಯಾನೆಲ್ಲಿನದ್ದೇ ಜಾತಿಯ ಕನೆಕ್ಟರ್ ಇರುತ್ತದೆ. ಪಿನ್ನಿಂದ ಪಿನ್ನಿಗೆ ಅದೇ ಅರ್ಧ ಮಿಲಿಮೀಟರ್. ಪ್ಲಗ್ ಸಲೀಸಾಗಿ ಕೂರುತ್ತದೆ.

ಎರಡರ ಭಾಷೆಯೇ ಬೇರೆ

ಎಲ್‌ವಿಡಿಎಸ್ ಹಳೆಯ ಪದ್ಧತಿ. ಅದರಲ್ಲಿ ಬಣ್ಣದ ಮಾಹಿತಿ ಮೂರ್ನಾಲ್ಕು ಜೋಡಿ ತಂತಿಗಳಲ್ಲಿ ಹೋಗುತ್ತದೆ. ಎಲ್ಲ ಜೋಡಿಗಳೂ ತಾಳ ತಪ್ಪದಿರಲಿ ಎಂದು ಗಡಿಯಾರದ ಸಂಕೇತಕ್ಕೇ ಒಂದು ಪ್ರತ್ಯೇಕ ಜೋಡಿ ಇರುತ್ತದೆ. ಪ್ಯಾನೆಲ್ ಕೇಳಿದರೂ ಕೇಳದಿದ್ದರೂ ಬೋರ್ಡ್ ತನ್ನ ಪಾಡಿಗೆ ಕಳಿಸುತ್ತಲೇ ಇರುತ್ತದೆ. ಇಡಿಪಿ ಹಾಗಲ್ಲ. ಮೊದಲು ಬೋರ್ಡ್ ಮತ್ತು ಪ್ಯಾನೆಲ್ ಒಂದು ಸಣ್ಣ ಪ್ರತ್ಯೇಕ ಜೋಡಿಯಲ್ಲಿ ಮಾತಾಡಿಕೊಳ್ಳುತ್ತವೆ. ಎಷ್ಟು ಲೇನ್, ಅಂದರೆ ಚಿತ್ರ ಒಯ್ಯುವ ಎಷ್ಟು ಜೋಡಿ ತಂತಿ, ಎಷ್ಟು ವೇಗ ಎಂದು ಒಪ್ಪಂದವಾಗಬೇಕು. ಆಮೇಲೆ ಮಾಹಿತಿ ಪೊಟ್ಟಣಗಳ ರೂಪದಲ್ಲಿ ಹೋಗುತ್ತದೆ. ಗಡಿಯಾರ ಅದರೊಳಗೇ ಸೇರಿರುತ್ತದೆ. ಹಾಗಾಗಿ ಒಂದರ ಪ್ಯಾನೆಲ್ಲನ್ನು ಇನ್ನೊಂದರ ಬೋರ್ಡಿಗೆ ಸುಮ್ನೆ ತಂತಿ ಬದಲಿಸಿ ಜೋಡಿಸಲು ಆಗುವುದಿಲ್ಲ. ನಡುವೆ ಪರಿವರ್ತಕ ಚಿಪ್ ಬೇಕು.

ಡಿಸ್‌ಪ್ಲೇಗಳಿಗೆ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಇಡಿಪಿಯ ಮೊದಲ ಆವೃತ್ತಿ ತಂದದ್ದು 2008ರ ಕೊನೆಗೆ. 2010ರ ಡಿಸೆಂಬರ್‌ನಲ್ಲಿ ಇಂಟೆಲ್, ಎಎಮ್‌ಡಿ ಮತ್ತು ಕೆಲವು ಲ್ಯಾಪ್‌ಟಾಪ್, ಪ್ಯಾನೆಲ್ ತಯಾರಕರು ಸೇರಿ ಎಲ್‌ವಿಡಿಎಸ್ಸನ್ನು 2013ರ ಹೊತ್ತಿಗೆ ಬಿಡುತ್ತೇವೆ ಎಂದು ಹೇಳಿದರು. ಅದಕ್ಕೇ 2012ಕ್ಕಿಂತ ಹಿಂದಿನ ಲ್ಯಾಪ್‌ಟಾಪ್ ಬಂದರೆ ನಾನು ಮೊದಲು ಎಲ್‌ವಿಡಿಎಸ್ ಇರಬಹುದು ಅಂದುಕೊಳ್ಳುತ್ತೇನೆ, 2015ರ ಈಚಿನದಾದರೆ ಇಡಿಪಿ. ನಡುವಿನ ಎರಡು ಮೂರು ವರ್ಷದ ಮಾಲು ಬಂದರೆ ಏನನ್ನೂ ಅಂದುಕೊಳ್ಳುವುದಿಲ್ಲ, ಬಿಚ್ಚಿ ನೋಡುತ್ತೇನೆ.

ಆ ಪ್ಲಗ್ಗಿನೊಳಗೆ ನಡೆದದ್ದು

ಎರಡೂ ಪ್ಯಾನೆಲ್‌ಗಳ ಡೇಟಾಶೀಟ್ ಪಕ್ಕಪಕ್ಕ ಇಟ್ಟು ಪಿನ್ ಪಟ್ಟಿ ನೋಡಿದರೆ ಆದ ಅನಾಹುತ ಅಲ್ಲೇ ಕಾಣುತ್ತದೆ.

ಎಲ್‌ವಿಡಿಎಸ್ ಕೇಬಲ್ಲಿನಲ್ಲಿ 2 ಮತ್ತು 3ನೇ ಪಿನ್ ಪ್ಯಾನೆಲ್ಲಿಗೆ 3.3 ವೋಲ್ಟ್ ಕೊಡುತ್ತವೆ. 40 ಪಿನ್ನಿನ ಇಡಿಪಿ ಪ್ಯಾನೆಲ್ಲಿನಲ್ಲಿ 2ನೇ ಪಿನ್ ಗ್ರೌಂಡ್. ಅಂದರೆ ಪ್ಲಗ್ ಕೂತ ಕ್ಷಣ ಬೋರ್ಡಿನ 3.3 ವೋಲ್ಟ್ ಸಾಲು ನೆಲಕ್ಕೆ ಶಾರ್ಟ್. ಇದರಿಂದ ಸಾಮಾನ್ಯವಾಗಿ ದೊಡ್ಡ ನಷ್ಟ ಆಗುವುದಿಲ್ಲ. ಆ ಸಾಲಿಗೆ ವಿದ್ಯುತ್ ಬಿಡುವ ಸ್ವಿಚ್ ಚಿಪ್‌ಗಳಲ್ಲಿ ಹೆಚ್ಚಿನವು ಶಾರ್ಟ್ ಕಂಡರೆ ಕರೆಂಟನ್ನು ತಾವೇ ಕಡಿಮೆ ಮಾಡುತ್ತವೆ.

ನಿಜವಾದ ಪೆಟ್ಟು ಬೀಳುವುದು ಇನ್ನೊಂದು ತುದಿಯಲ್ಲಿ. ಎಲ್‌ವಿಡಿಎಸ್ ಕೇಬಲ್ಲಿನ 38, 39, 40ನೇ ಪಿನ್‌ಗಳು ಬ್ಯಾಕ್‌ಲೈಟಿನ ವೋಲ್ಟೇಜ್ ತರುತ್ತವೆ. ಚಾರ್ಜರ್ ಹಾಕಿದ್ದರೆ ಅದು ಸುಮಾರು 19 ವೋಲ್ಟ್. 36ನೇ ಪಿನ್ ಬ್ಯಾಕ್‌ಲೈಟಿಗೆ "ಹತ್ತಿಕೋ" ಎಂದು ಹೇಳುವ ಸಣ್ಣ ಸಂಕೇತದ ತಂತಿ. ಅದರ ಮೇಲೆ ಇರಬೇಕಾದ್ದು ಬರೀ 3.3 ವೋಲ್ಟ್. ಈಗ ಇಡಿಪಿ ಪ್ಯಾನೆಲ್ ಕಡೆ ನೋಡಿ. ಅಲ್ಲಿ 36ರಿಂದ 39ರ ತನಕ ನಾಲ್ಕೂ ಪಿನ್ ಬ್ಯಾಕ್‌ಲೈಟ್ ವಿದ್ಯುತ್ತಿಗೆ ಮೀಸಲು, ಪ್ಯಾನೆಲ್ ಒಳಗೆ ನಾಲ್ಕೂ ಒಂದಕ್ಕೊಂದು ಸೇರಿಕೊಂಡಿವೆ. ಹೀಗಾಗಿ 38 ಮತ್ತು 39ರಲ್ಲಿ ಬಂದ 19 ವೋಲ್ಟ್ ಪ್ಯಾನೆಲ್ಲಿನೊಳಗೆ ಒಂದು ಸುತ್ತು ಹಾಕಿ 36ರ ತಂತಿ ಹಿಡಿದು ವಾಪಸ್ ಮದರ್‌ಬೋರ್ಡಿಗೆ ಹೋಯಿತು. ಆ ತಂತಿಯ ಇನ್ನೊಂದು ತುದಿಯಲ್ಲಿ 3.3 ವೋಲ್ಟಿನ ಪಾಪದ ಚಿಪ್ ಕೂತಿತ್ತು.

ಹೊಸ ಪ್ಯಾನೆಲ್ ಯಾಕೆ ಒಂದು ಚೂರೂ ಬೆಳಗಲಿಲ್ಲ? ಇಡಿಪಿ ಪ್ಯಾನೆಲ್ಲಿನಲ್ಲಿ "ಹತ್ತಿಕೋ" ಪಿನ್ ಇರುವುದು 32ರಲ್ಲಿ. ಎಲ್‌ವಿಡಿಎಸ್ ಕೇಬಲ್ಲಿನ 32 ಗ್ರೌಂಡ್. ಬ್ಯಾಕ್‌ಲೈಟಿಗೆ ಹೊಟ್ಟೆ ತುಂಬ ವಿದ್ಯುತ್ ಸಿಕ್ಕಿತ್ತು, ಹತ್ತಿಕೊಳ್ಳಲು ಅಪ್ಪಣೆ ಮಾತ್ರ ಸಿಗಲಿಲ್ಲ.

ಇಲ್ಲಿ ಒಂದು ಮಾತು. ಟಚ್ ಇರುವ 40 ಪಿನ್ ಪ್ಯಾನೆಲ್‌ಗಳ ಪಿನ್ ಜೋಡಣೆ ಇದಕ್ಕಿಂತ ಬೇರೆ ಇರುತ್ತದೆ. ಮೇಲಿನ ಸಂಖ್ಯೆಗಳನ್ನು ಎಲ್ಲಕ್ಕೂ ಹಚ್ಚಬೇಡಿ. ನಿಮ್ಮ ಪ್ಯಾನೆಲ್ಲಿನ ಡೇಟಾಶೀಟೇ ಕೊನೆಯ ಮಾತು.

ಬೋರ್ಡಿನ ತಪಾಸಣೆ

ಮೊದಲು ಚಾರ್ಜರ್ ತೆಗೆದೆ, ಬ್ಯಾಟರಿ ಕನೆಕ್ಟರ್ ಬಿಡಿಸಿದೆ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಡಿಸ್‌ಪ್ಲೇ ಕೇಬಲ್ ಮುಟ್ಟುವ ಮುಂಚೆ ಇದನ್ನು ಪ್ರತಿ ಸಲ ಮಾಡಲೇಬೇಕು. ಬ್ಯಾಕ್‌ಲೈಟಿನ 19 ವೋಲ್ಟ್ ಎಷ್ಟೋ ಬೋರ್ಡುಗಳಲ್ಲಿ ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಸಾಕೆಟ್ಟಿನ ತನಕ ಬಂದು ನಿಂತಿರುತ್ತದೆ. ಪ್ಲಗ್ ಓರೆಯಾಗಿ ಎಳೆದರೆ ಪಕ್ಕದ ಪಿನ್ನಿಗೆ ತಾಗುತ್ತದೆ. ಮೊದಲು ಹೋಗುವುದು ಬ್ಯಾಕ್‌ಲೈಟ್ ಫ್ಯೂಸ್, ಸಾಕೆಟ್ಟಿನ ಹತ್ತಿರ ಅಕ್ಕಿಕಾಳಿಗಿಂತ ಚಿಕ್ಕದಾಗಿ ಕೂತಿರುತ್ತದೆ.

ಪ್ಯಾನೆಲ್ ಕಡೆಯ ಪ್ಲಗ್ ಬಿಚ್ಚಿಟ್ಟು, 3.3 ವೋಲ್ಟ್ ಸಾಲಿಗೂ ಗ್ರೌಂಡಿಗೂ ನಡುವೆ ಮಲ್ಟಿಮೀಟರ್ ಇಟ್ಟೆ. ಶಾರ್ಟ್ ಇಲ್ಲ. ಬ್ಯಾಕ್‌ಲೈಟ್ ಸಾಲಿನಲ್ಲೂ ಶಾರ್ಟ್ ಇಲ್ಲ, ಫ್ಯೂಸ್ ಪೀಪ್ ಅಂದಿತು. ಹಳೆಯ ಒಡೆದ ಪ್ಯಾನೆಲ್ ಜೋಡಿಸಿ, ಎಕ್ಸ್‌ಟರ್ನಲ್ ಮಾನಿಟರ್ ಹಾಕಿ ಆನ್ ಮಾಡಿದೆ. ಮಾನಿಟರ್‌ನಲ್ಲಿ ಚಿತ್ರ ಬಂತು, ಹಾಗಾದರೆ ಗ್ರಾಫಿಕ್ಸ್ ಚೆನ್ನಾಗಿದೆ. ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಪ್ಯಾನೆಲ್ ಮೇಲೆ ಓರೆಯಾಗಿ ಹಿಡಿದೆ. ಮಸುಕಾಗಿ ಡೆಸ್ಕ್‌ಟಾಪ್ ಐಕಾನ್‌ಗಳು ಕಂಡವು.

ಈ ಟಾರ್ಚ್ ಪರೀಕ್ಷೆ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಮಸುಕು ಚಿತ್ರ ಕಂಡರೆ ಡೇಟಾ ತಂತಿಗಳೂ 3.3 ವೋಲ್ಟೂ ಸರಿ, ತೊಂದರೆ ಬೆಳಕಿನದ್ದು. ಏನೂ ಕಾಣದಿದ್ದರೆ ಪ್ಯಾನೆಲ್ಲಿಗೆ ವಿದ್ಯುತ್ತೋ ಮಾಹಿತಿಯೋ ಹೋಗುತ್ತಿಲ್ಲ.

ಬೆಳಕಿನ ಮೂರು ತಂತಿ ಅಳೆದೆ. ವಿದ್ಯುತ್ 18.9 ವೋಲ್ಟ್, ಸರಿ. ಬ್ರೈಟ್‌ನೆಸ್ ಸಂಕೇತ ಕೀಲಿ ಒತ್ತಿದಂತೆ ಏರಿಳಿಯುತ್ತಿತ್ತು, ಸರಿ. 36ನೇ ಪಿನ್ನಿನ "ಹತ್ತಿಕೋ" ಸಂಕೇತ ಸೊನ್ನೆ. ಸಿಕ್ಕಿತಲ್ಲ! ಖಚಿತಪಡಿಸಿಕೊಳ್ಳಲು ಪ್ಯಾನೆಲ್ಲಿನ 3.3 ವೋಲ್ಟ್ ಸಾಲಿನಿಂದ 10 ಕಿಲೋಓಮ್ ರೆಸಿಸ್ಟರ್ ಮೂಲಕ ಆ ಪಿನ್ನಿಗೆ ಒಂದು ಕ್ಷಣ ಮುಟ್ಟಿಸಿದೆ. ಬ್ಯಾಕ್‌ಲೈಟ್ ಹತ್ತಿತು, ಒಡೆದ ಮೂಲೆಯ ಸಮೇತ ಅಕ್ಕನ ವಾಲ್‌ಪೇಪರ್ ಬಂತು.

ತಂತಿ ಹಿಡಿದು ಬೋರ್ಡಿನ ಮೇಲೆ ಹಿಂದಕ್ಕೆ ಹೋದರೆ ಐದು ಕಾಲಿನ ಒಂದು ಪುಟಾಣಿ ಗೇಟ್ ಚಿಪ್ ಸಿಕ್ಕಿತು, ಒಳಗೆ ಬರುವ ಎರಡು ಸಂಕೇತವೂ ಇದ್ದರೆ ಮಾತ್ರ ಹೊರಗೆ ಸಂಕೇತ ಕೊಡುವ ಜಾತಿ. ಎರಡು ಒಳಗಿನ ಸಂಕೇತಗಳೂ 3.3, ಹೊರಗೆ ಬರುವುದು ಸೊನ್ನೆ, ಬೆರಳಿಟ್ಟರೆ ಬಿಸಿ. ಅದು ತಾನು ಸತ್ತು ಹಿಂದಿನ ಚಿಪ್‌ಸೆಟ್ಟನ್ನು ಉಳಿಸಿತ್ತು. ಅದೇ ಜಾತಿಯ ಒಂದು ಗೇಟನ್ನು ಹಾಳಾದ ಬೋರ್ಡಿನಿಂದ ಬಿಸಿಗಾಳಿಯಲ್ಲಿ ಎತ್ತಿ ಕೂರಿಸಿದೆ. ಎಲ್ಲ ಬೋರ್ಡಿನಲ್ಲೂ ಇಂಥ ಕಾವಲುಗಾರ ಇರುವುದಿಲ್ಲ. ಆ ತಂತಿ ನೇರ ದೊಡ್ಡ ಚಿಪ್ಪಿಗೇ ಹೋಗಿದ್ದರೆ ಬೋರ್ಡ್ ಬದಲಿಸುವ ಮಾತೇ.

ಕೇಬಲ್ ದೋಷವೋ, ಹೊಂದಾಣಿಕೆ ದೋಷವೋ

ಪ್ಯಾನೆಲ್ ಬದಲಿಸದೆ ತಾನಾಗಿಯೇ ಕಪ್ಪಾದ ಸ್ಕ್ರೀನ್ ಆದರೆ ಈ ಜಾತಿಗೀತಿ ಹುಡುಕುವ ಅಗತ್ಯವಿಲ್ಲ, ಮೊದಲ ಅನುಮಾನ ಕೇಬಲ್ ಮೇಲೆ. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಒಂದು ಕೋನದಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಹೋದರೆ, ಗೆರೆ ಮೂಡಿದರೆ, ಬಣ್ಣ ಗುಲಾಬಿಗೆ ತಿರುಗಿದರೆ ಹಿಂಜಿನ ಹತ್ತಿರ ಕೂದಲೆಳೆಯ ತಂತಿ ತುಂಡಾಗಿದೆ. ಕೇಬಲ್ಲಿಗೆ ಬೆಸುಗೆ ಹಾಕಿ ರಿಪೇರಿ ಮಾಡಬಹುದು ಎನ್ನುವವರಿದ್ದಾರೆ. ನಾನು ಮಾಡುವುದಿಲ್ಲ, ಮೂರು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಮುರಿಯುತ್ತದೆ. ಹೊಂದಾಣಿಕೆಯ ದೋಷ ಮುಚ್ಚಳದ ಕೋನ ನೋಡಿ ಬದಲಾಗುವುದಿಲ್ಲ. ಅದು ಹೊಸ ಪ್ಯಾನೆಲ್ ಹಾಕಿದ ದಿನದಿಂದಲೇ ಇರುತ್ತದೆ.

ಹೊಸ ಪ್ಯಾನೆಲ್ ತರುವ ಮುಂಚೆ

ನಂಬಬೇಕಾದ್ದು ಹಳೆಯ ಪ್ಯಾನೆಲ್ಲಿನ ಬೆನ್ನ ಮೇಲಿನ ಲೇಬಲ್. ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಹೇಳಿ ಪ್ಯಾನೆಲ್ ತರಿಸಬೇಡಿ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಮೂರು ತರಹದ ಪ್ಯಾನೆಲ್ ಹಾಕಿ ಮಾರುವುದು ಮಾಮೂಲು. ಲೇಬಲ್ಲಿನಲ್ಲಿ ದೊಡ್ಡದಾಗಿ ಲ್ಯಾಪ್‌ಟಾಪ್ ಕಂಪನಿಯ ಪಾರ್ಟ್ ನಂಬರ್ ಇರಬಹುದು, ಅದಲ್ಲ ಬೇಕಾದ್ದು. ಪ್ಯಾನೆಲ್ ತಯಾರಕರ ನಂಬರ್ ಬೇಕು. ಮೇಲೆ ಹೇಳಿದ L ಮತ್ತು E ಒಂದು ತಯಾರಕರ ಗುರುತು. LP156WH3 ತರಹದ ನಂಬರ್ ಇದ್ದರೆ ಅಡ್ಡಗೆರೆ ಆದ ಮೇಲಿನ ಎರಡನೇ ಅಕ್ಷರ ನೋಡಿ: LP156WH3-TLS1 ಎಲ್‌ವಿಡಿಎಸ್, LP156WH3-TPS1 ಇಡಿಪಿ. ಒಂದು ತಯಾರಕರ ಸೂತ್ರ ಇನ್ನೊಬ್ಬರಿಗೆ ನಡೆಯುವುದಿಲ್ಲ, ಆದ್ದರಿಂದ ಅಕ್ಷರ ಊಹಿಸುವ ಬದಲು ಪೂರ್ತಿ ನಂಬರಿನ ಡೇಟಾಶೀಟ್ ತೆಗೆಯಿರಿ.

ಲೇಬಲ್ ಕಿತ್ತುಹೋಗಿದ್ದರೆ, ಪ್ಯಾನೆಲ್ ಪೂರ್ತಿ ಸತ್ತಿಲ್ಲದಿದ್ದರೆ, ಲಿನಕ್ಸ್‌ನಲ್ಲಿ ಕೇಳಬಹುದು. ಸ್ಕ್ರೀನ್ ಒಡೆದಿದ್ದರೂ ಎಕ್ಸ್‌ಟರ್ನಲ್ ಮಾನಿಟರ್ ಇಟ್ಟುಕೊಂಡು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಸಾಕು.

```
ls /sys/class/drm
edid-decode /sys/class/drm/card0-LVDS-1/edid
```

ಮೊದಲ ಸಾಲು `card0-LVDS-1` ಅಥವಾ `card0-eDP-1` ಎಂದು ತೋರಿಸುತ್ತದೆ. ಕೆಲವು ಯಂತ್ರಗಳಲ್ಲಿ `card0` ಬದಲು `card1` ಇರುತ್ತದೆ, ಅದಕ್ಕೆ ತಕ್ಕಂತೆ ಎರಡನೇ ಸಾಲು ಬದಲಿಸಿಕೊಳ್ಳಿ. ಎರಡನೇ ಸಾಲು ಪ್ಯಾನೆಲ್ಲಿನ ಒಳಗೆ ಬರೆದಿಟ್ಟ ಹೆಸರನ್ನೇ ಓದುತ್ತದೆ, ಬಹಳ ಸಲ ಪೂರ್ತಿ ಪ್ಯಾನೆಲ್ ನಂಬರ್ ಸಿಗುತ್ತದೆ.

ಆದರೆ ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. `LVDS-1` ಎಂದು ಬಂದರೆ ಅದು ಎಲ್‌ವಿಡಿಎಸ್ಸೇ. `eDP-1` ಎಂದು ಬಂದ ಮಾತ್ರಕ್ಕೆ ಪ್ಯಾನೆಲ್ ಇಡಿಪಿ ಎಂದು ಹೇಳಲು ಬರುವುದಿಲ್ಲ. ಪ್ರೊಸೆಸರ್‌ನಿಂದ ಎಲ್‌ವಿಡಿಎಸ್ ಹೋದ ಮೇಲೂ ಕೆಲವು ಲ್ಯಾಪ್‌ಟಾಪ್‌ಗಳಿಗೆ ಹಳೆಯ ಅಗ್ಗದ ಎಲ್‌ವಿಡಿಎಸ್ ಪ್ಯಾನೆಲ್ಲನ್ನೇ ಹಾಕಿದರು. ಬೋರ್ಡಿನ ಮೇಲೆ PTN3460, RTD2132 ತರಹದ ಪರಿವರ್ತಕ ಚಿಪ್ ಕೂರಿಸಿದರು. ಪ್ರೊಸೆಸರ್ ಇಡಿಪಿ ಮಾತಾಡುತ್ತದೆ, ಚಿಪ್ ಅದನ್ನು ಎಲ್‌ವಿಡಿಎಸ್ ಮಾಡಿ ಕೇಬಲ್ಲಿಗೆ ಬಿಡುತ್ತದೆ. ಸಾಫ್ಟ್‌ವೇರಿಗೆ ಕಾಣುವುದು ಪ್ರೊಸೆಸರ್ ಕಡೆಯ ಅರ್ಧ ಮಾತ್ರ. ಅದಕ್ಕೇ ಹೆಸರು ಓದಿದ ಮೇಲೂ ಕೇಬಲ್ ಬಿಚ್ಚಿ ಪ್ಲಗ್ ನೋಡುತ್ತೇನೆ. ಸಂಪರ್ಕದ ಸಾಲನ್ನು ಅಳೆದರೆ 30 ಪಿನ್ನಿನದ್ದು ಸುಮಾರು ಒಂದೂವರೆ ಸೆಂಟಿಮೀಟರ್, 40 ಪಿನ್ನಿನದ್ದು ಸುಮಾರು ಎರಡು. ಎಲ್‌ಇಡಿ ಬ್ಯಾಕ್‌ಲೈಟಿನ 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಆ ಚಿಕ್ಕ 30 ಪಿನ್ ಪ್ಲಗ್ ಕಂಡರೆ ಇಡಿಪಿ ಎಂದು ಧೈರ್ಯವಾಗಿ ಹೇಳಬಹುದು. 40 ಕಂಡರೆ ಡೇಟಾಶೀಟ್ ಬೇಕೇ ಬೇಕು. ತುಂಬ ಹಳೆಯ, ಟ್ಯೂಬ್‌ಲೈಟ್ ಜಾತಿಯ ಬ್ಯಾಕ್‌ಲೈಟಿನ ಪ್ಯಾನೆಲ್‌ಗಳಲ್ಲೂ 30 ಪಿನ್ ಎಲ್‌ವಿಡಿಎಸ್ ಇದೆ. ಆದರೆ ಅದರ ಪ್ಲಗ್ ಅಗಲ, ದೀಪಕ್ಕೆ ಬೇರೆ ಎರಡು ತಂತಿ, ಜತೆಗೊಂದು ಇನ್ವರ್ಟರ್ ಪಟ್ಟಿ. ಗೊಂದಲವಾಗುವುದಿಲ್ಲ.

30 ಪಿನ್ ಇಡಿಪಿಯಿಂದ 30 ಪಿನ್ ಇಡಿಪಿಗೆ ಹೋದರೂ ಒಂದು ತೊಡಕು ಉಳಿಯುತ್ತದೆ. 1366×768 ಪ್ಯಾನೆಲ್ ತೆಗೆದು ಫುಲ್ ಎಚ್‌ಡಿ ಹಾಕುತ್ತೀರಿ. ಪ್ಲಗ್ ಕೂರುತ್ತದೆ, ಏನೂ ಸುಡುವುದಿಲ್ಲ, ಆದರೂ ಸ್ಕ್ರೀನ್ ಕಪ್ಪು. ಹಳೆಯ ಪ್ಯಾನೆಲ್ ಹಾಕಿದರೆ ಚೆನ್ನಾಗಿ ಬರುತ್ತದೆ. ಕಾರಣ ಲೆಕ್ಕದಲ್ಲಿದೆ. ಸೆಕೆಂಡಿಗೆ 2.7 ಗಿಗಾಬಿಟ್ ಓಡುವ ಒಂದು ಲೇನಿನಲ್ಲಿ ಚಿತ್ರಕ್ಕೆ ಉಳಿಯುವುದು 2.16. ಹಳೆಯ ಪ್ಯಾನೆಲ್ಲಿಗೆ ಬೇಕಾದ್ದು ಸುಮಾರು 1.4, ಒಂದೇ ಲೇನ್ ಸಾಕು. 60 ಹರ್ಟ್ಸಿನ ಫುಲ್ ಎಚ್‌ಡಿಗೆ ಸುಮಾರು 2.5 ಬೇಕು, ಎರಡು ಲೇನ್ ಇಲ್ಲದೆ ಆಗದು. ಕಾಸು ಉಳಿಸಲು ಕೆಲವು ಕೇಬಲ್‌ಗಳಲ್ಲಿ ಎರಡನೇ ಲೇನಿನ ತಂತಿಯನ್ನೇ ಹಾಕಿರುವುದಿಲ್ಲ. ಪ್ಯಾನೆಲ್ ಕಡೆಯ ಪ್ಲಗ್ಗನ್ನು ಭೂತಗನ್ನಡಿಯಲ್ಲಿ ನೋಡಿ, 3 ಮತ್ತು 4ನೇ ಪಿನ್ನಿಗೆ ತಂತಿ ಬಂದಿದೆಯಾ? ಬರೀ ಲೋಹದ ನಾಲಿಗೆ ಕಂಡರೆ ಅದು ಒಂದು ಲೇನಿನ ಕೇಬಲ್. ಅದೇ ಲ್ಯಾಪ್‌ಟಾಪಿನ ಫುಲ್ ಎಚ್‌ಡಿ ಆವೃತ್ತಿಯ ಕೇಬಲ್ ತರಿಸಬೇಕು. ಬೋರ್ಡಿನ ಸಾಕೆಟ್ಟಿನಲ್ಲೂ ಆ ಲೇನ್ ಇಲ್ಲದಿದ್ದರೆ ಕೇಬಲ್ ಬದಲಿಸಿಯೂ ಪ್ರಯೋಜನವಿಲ್ಲ, ಹಳೆಯ ರೆಸಲ್ಯೂಷನ್ನಿನಲ್ಲೇ ಇರಬೇಕು.

ಅಕ್ಕನ ಲ್ಯಾಪ್‌ಟಾಪಿಗೆ ಕೊನೆಗೆ LP156WH3-TLS1 ಹಾಕಿದೆ. ತಯಾರಕರು ಬೇರೆ, ಆದರೆ 40 ಪಿನ್ ಎಲ್‌ವಿಡಿಎಸ್, ಅದೇ ತೆಳು ಮೈ. ಕೂರಿಸುವ ಮುಂಚೆ 2ನೇ ಪಿನ್ ಮತ್ತು 36ರಿಂದ 40ರ ತನಕ ಎರಡೂ ಡೇಟಾಶೀಟ್ ತಾಳೆ ನೋಡಿದೆ. ಮೊದಲ ಸಲಕ್ಕೇ ಚಿತ್ರ ಬಂತು.

"ಆ 144 ಹರ್ಟ್ಸಿನದು ಹೋಯ್ತಾ ಸರ್?" ಅಂದ ಹುಡುಗ.

ಹೋಗಿರಲಿಲ್ಲ. 3.3 ವೋಲ್ಟ್ ಶಾರ್ಟ್ ಆದದ್ದರಿಂದ ಅದಕ್ಕೆ ವಿದ್ಯುತ್ತೇ ಸಿಕ್ಕಿರಲಿಲ್ಲ, 19 ವೋಲ್ಟ್ ಅದರ ಬ್ಯಾಕ್‌ಲೈಟಿಗೆ ಅಭ್ಯಾಸವೇ. ನಾಲ್ಕು ಲೇನಿನ ಇಡಿಪಿ ಕಂಟ್ರೋಲರ್ ಬೋರ್ಡ್ ಒಂದನ್ನು ತರಿಸಿಕೊಂಡ. ಈಗ ಅವನ ಮೇಜಿನ ಮೇಲೆ ಅದು ಎಚ್‌ಡಿಎಂಐ ಮಾನಿಟರ್ ಆಗಿ ಕೂತಿದೆ, ಡಬಲ್ ಸೈಡ್ ಟೇಪಿನ ಗುರುತು ಬೆನ್ನ ಮೇಲೆ ಹಾಗೇ ಇದೆ.